ಕೊಟ್ಟ ಕಮಿಷನ್ ವಾಪಸ್: ರದ್ದತಿ ಯಾರದು, ಜೇಬು ಯಾರದು?

2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಜಿಎಸ್‌ಟಿ ಇಳಿಕೆಯ ಸುಳಿವು ಕೊಟ್ಟರು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರಗಳನ್ನು ತೀರ್ಮಾನಿಸಿತು. ಸೆಪ್ಟೆಂಬರ್ 22ರಿಂದ ಅವು ಜಾರಿಗೆ ಬಂದವು. ಎಸಿ, 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಗ್ರಾಹಕರಿಗೆ ಇದು ಹಬ್ಬದ ಸುದ್ದಿ. ಆದರೆ ಆ ಐದು ವಾರಗಳಲ್ಲಿ ಮಾರಾಟದ ಹುಡುಗರ ಸಂಬಳದ ಚೀಟಿಯಲ್ಲಿ ಏನಾಯಿತು ಎಂಬುದು ಸುದ್ದಿಯಾಗಲಿಲ್ಲ.

ಹೈದರಾಬಾದಿನ ಸನತ್‌ನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾಲಕ್ಕೆ ಆಲ್ವಿನ್ ಫ್ರಿಜ್‌ಗಳು ತಯಾರಾಗುತ್ತಿದ್ದವು. ಈಗ ಇಲ್ಲಿ ಗೋದಾಮು, ಡಿಸ್ಟ್ರಿಬ್ಯೂಟರ್, ಸರ್ವಿಸ್ ಸೆಂಟರ್‌ಗಳೂ ಬಹಳ. ಅಂಥದೊಂದು ಕಚೇರಿಯಲ್ಲಿ ಇನ್ಸೆಂಟಿವ್ ಲೆಕ್ಕದ ಶೀಟು ನೋಡುವುದು ನನ್ನ ಕೆಲಸ. ಬೀದರ್, ಹುಮನಾಬಾದ್, ಸೇಡಂ ಕಡೆಯಿಂದ ಬಂದ ಹುಡುಗರು ಮಾರಾಟದಲ್ಲಿ ಸಾಕಷ್ಟು ಇದ್ದಾರೆ. ತೆಲುಗು, ಉರ್ದು, ಕನ್ನಡ ಮೂರೂ ಬರುತ್ತವೆ ಎಂಬುದೇ ಅವರ ಬಂಡವಾಳ. ಕಳೆದ ವರ್ಷ ಸೆಪ್ಟೆಂಬರ್ ಲೆಕ್ಕ ಕೈಗೆ ಬಂದಾಗ ಅವರಲ್ಲೊಬ್ಬ ನನ್ನ ಟೇಬಲ್ ಹತ್ತಿರ ಬಂದು ಕೇಳಿದ: ‘ಅಣ್ಣಾ, ಕ್ಯಾನ್ಸಲ್ ಆಗಿದ್ದು ಆರು ಟಿವಿ. ಕಟ್ ಆಗಿದ್ದು ಅರ್ಧ ಇನ್ಸೆಂಟಿವ್. ಇದ್ಯಾವ ಲೆಕ್ಕರೀ?’

ಆ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೂ ಇದೆ, ಕಾನೂನಿನಲ್ಲೂ ಇದೆ. ಮೊದಲು ಲೆಕ್ಕ ನೋಡೋಣ. ಅಂಕಿಗಳನ್ನು ಓದುಗರಿಗಾಗಿ ಸರಳ ಮಾಡಿದ್ದೇನೆ.

ತಿಂಗಳಿಗೆ 40 ದೊಡ್ಡ ಟಿವಿ ಟಾರ್ಗೆಟ್ ಎಂದುಕೊಳ್ಳಿ. 40 ಮುಟ್ಟದಿದ್ದರೆ ಪ್ರತಿ ಟಿವಿಗೆ 200 ರೂಪಾಯಿ. 40 ಮುಟ್ಟಿದರೆ ಮೊದಲ ಟಿವಿಯಿಂದಲೇ ಲೆಕ್ಕ ಹಿಡಿದು ಪ್ರತಿಯೊಂದಕ್ಕೂ 350. ಹುಡುಗ ಆಗಸ್ಟಿನಲ್ಲಿ 44 ಬುಕಿಂಗ್ ಮಾಡಿದ. 44ನ್ನು 350ರಿಂದ ಗುಣಿಸಿದರೆ 15,400 ರೂಪಾಯಿ. ಅದು ಕೈಗೆ ಬಂತು, ಖರ್ಚೂ ಆಯಿತು. ಸೆಪ್ಟೆಂಬರಿನಲ್ಲಿ ಆರು ಗ್ರಾಹಕರು ಆರ್ಡರ್ ರದ್ದು ಮಾಡಿದರು. ಆರು ಟಿವಿಯ ಕಮಿಷನ್ ಎಂದರೆ 2,100 ರೂಪಾಯಿ, ಅಷ್ಟು ಕಳೆದರೆ ಮುಗಿಯಿತು ಎಂದು ಅವನು ಭಾವಿಸಿದ್ದ. ಆದರೆ ಆಗಸ್ಟಿನ ಎಣಿಕೆ ಈಗ 38ಕ್ಕೆ ಇಳಿದಿದೆ, ಟಾರ್ಗೆಟ್ ತಪ್ಪಿದೆ. 38ನ್ನು 200ರಿಂದ ಗುಣಿಸಿದರೆ 7,600. ವಾಪಸ್ ಕೊಡಬೇಕಾದದ್ದು 7,800 ರೂಪಾಯಿ.

ರದ್ದಾದ ಆರು ಟಿವಿಗಳಿಂದಾಗಿ ಹೋದದ್ದು 2,100. ಉಳಿದ 5,700 ರೂಪಾಯಿ ಗ್ರಾಹಕರ ಮನೆಯಲ್ಲಿ ಗೋಡೆಗೆ ತೂಗಿ, ಚಾಲೂ ಇರುವ 38 ಟಿವಿಗಳ ಮೇಲಿನದು. ಮಾರಾಟದ ಜನ ಇದನ್ನು ‘ಸ್ಲ್ಯಾಬ್ ಬಿತ್ತು’ ಎನ್ನುತ್ತಾರೆ. ಯೋಜನೆಯ ಪತ್ರದಲ್ಲಿ ‘ರದ್ದಾದ ಆರ್ಡರಿನ ಕಮಿಷನ್ ವಾಪಸ್ ಪಡೆಯಲಾಗುವುದು’ ಎಂದಷ್ಟೇ ಬರೆದಿದ್ದರೆ, ಓದುವವನಿಗೆ ಅರ್ಥವಾಗುವುದು 2,100. ಕಂಪನಿ ಕತ್ತರಿಸುವುದು 7,800. ತಕರಾರುಗಳ ಮೂಲ ಹೆಚ್ಚಾಗಿ ಇದೇ: ಆ ಆರ್ಡರಿನ ಹಣ ಮಾತ್ರವೋ, ಇಡೀ ತಿಂಗಳ ಮರುಲೆಕ್ಕವೋ ಎಂಬುದನ್ನು ಪತ್ರ ಹೇಳಿರುವುದಿಲ್ಲ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಆ ಆರು ಗ್ರಾಹಕರು ಟಿವಿಯೇ ಬೇಡ ಎಂದವರಲ್ಲ. ತೆರಿಗೆ ಬಿಟ್ಟು 40,000 ರೂಪಾಯಿಯ ಟಿವಿ ಹಳೆಯ ದರದಲ್ಲಿ 51,200, ಹೊಸ ದರದಲ್ಲಿ 47,200. ನಾಲ್ಕು ಸಾವಿರ ಉಳಿಯುತ್ತದೆ ಎಂದರೆ ಯಾರು ಬಿಡುತ್ತಾರೆ? ಬಿಲ್ ಆಗಿ, ಹಣವನ್ನೂ ಮೊದಲೇ ಕಟ್ಟಿದ್ದರೆ, ಟಿವಿ 22ರ ನಂತರ ಮನೆಗೆ ಬಂದರೂ ಹಳೆಯ ದರವೇ ಅನ್ವಯ. ಹಾಗಾಗಿ ಹೊಸ ದರ ಬೇಕಾದವರು ಹಳೆಯ ಆರ್ಡರ್ ರದ್ದು ಮಾಡಿ 22ರ ನಂತರ ಹೊಸದಾಗಿ ಬುಕ್ ಮಾಡಲೇಬೇಕಿತ್ತು. ಅವರು ವಾಪಸ್ ಅದೇ ಹುಡುಗನ ಹತ್ತಿರ ಬಂದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಸೆಪ್ಟೆಂಬರಿನಲ್ಲಿ ಅವನ ಬೇರೆ ಮಾರಾಟ 36 ಇತ್ತು ಎನ್ನಿ. ಈ ಆರು ಸೇರಿ 42, ಟಾರ್ಗೆಟ್ ದಾಟಿ 14,700 ರೂಪಾಯಿ. ಎರಡು ತಿಂಗಳು ಸೇರಿ 22,300. ಯಾರೂ ರದ್ದು ಮಾಡದೆ ಇದ್ದಿದ್ದರೆ 22,600 ಸಿಗುತ್ತಿತ್ತು. ಮುನ್ನೂರು ರೂಪಾಯಿಯ ವ್ಯತ್ಯಾಸಕ್ಕೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಗ್ರಾಹಕ ಆನ್‌ಲೈನಿನಲ್ಲೋ, ಕುಕಟ್‌ಪಲ್ಲಿಯ ಇನ್ನೊಂದು ಅಂಗಡಿಯಲ್ಲೋ ಬುಕ್ ಮಾಡಿದರೆ ಹುಡುಗನಿಗೆ ಸಿಗುವುದು 14,800 ಮಾತ್ರ. ಕಂಪನಿಗೆ ಆ ಟಿವಿ ಮಾರಾಟವಾದಂತೆಯೇ. ಗ್ರಾಹಕನಿಗೆ ನಾಲ್ಕು ಸಾವಿರ ಉಳಿದಿದೆ. ತೆರಿಗೆ ಇಳಿಕೆಯ ಬೆಲೆ ತೆತ್ತವನು ಇಡೀ ಸರಪಳಿಯಲ್ಲಿ ಅತಿ ಕಡಿಮೆ ಸಂಬಳದವನು.

ಇದರಿಂದ ಕ್ಲಾಬ್ಯಾಕ್ ಎಂಬುದೇ ಅನ್ಯಾಯ ಎಂಬ ತೀರ್ಮಾನಕ್ಕೆ ನಾನು ಬರಲಾರೆ. ಕೊಟ್ಟ ಇನ್ಸೆಂಟಿವ್ ಹಿಂದಕ್ಕೆ ಪಡೆಯುವ ಈ ಪದ್ಧತಿಗೆ ಕಾರಣ ಇದೆ. ತಿಂಗಳ ಕೊನೆಯ ಎರಡು ದಿನ ನಮ್ಮ ಶೀಟಿನಲ್ಲಿ ಬುಕಿಂಗ್‌ಗಳ ಪ್ರವಾಹ ಬರುತ್ತದೆ. ಮುಂದಿನ ತಿಂಗಳ ಮೊದಲ ವಾರದಲ್ಲಿ ಅದೇ ಪ್ರಮಾಣದಲ್ಲಿ ರದ್ದತಿಗಳೂ ಬರುತ್ತವೆ. ಚಿಕ್ಕಪ್ಪನ ಹೆಸರಲ್ಲಿ, ಗೆಳೆಯನ ಫೋನ್ ನಂಬರಿನಲ್ಲಿ ಐನೂರು ರೂಪಾಯಿ ಮುಂಗಡ ಹಾಕಿ ಟಾರ್ಗೆಟ್ ಮುಟ್ಟಿಸಿಕೊಳ್ಳುವುದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಆಟ. ಒಂದೇ ನಂಬರಿನಿಂದ ಎರಡು ಮೂರು ಬುಕಿಂಗ್, ಒಂದೇ ಕಾರ್ಡಿನಿಂದ ಮುಂಗಡ, ಡೆಲಿವರಿ ವಿಳಾಸ ಅಪೂರ್ಣ, 3ನೇ ತಾರೀಖಿಗೆ ರದ್ದು ಎಂದರೆ ಅದು ಮಾರಾಟ ಅಲ್ಲ. ಅದಕ್ಕೆ ಕೊಟ್ಟ ದುಡ್ಡು ವಾಪಸ್ ಪಡೆಯುವುದರಲ್ಲಿ ತಪ್ಪೇನೂ ಇಲ್ಲ, ಸ್ಲ್ಯಾಬ್ ಸಮೇತ ಪಡೆದರೂ ನ್ಯಾಯವೇ.

ತೊಂದರೆ ಏನೆಂದರೆ, ಡಮ್ಮಿ ಬುಕಿಂಗಿಗೆ ಹಾಕಿದ ಬಲೆಯಲ್ಲಿ ಬೇರೆಯವೂ ಬೀಳುತ್ತವೆ. ಗೋದಾಮಿನಲ್ಲಿ ಸ್ಟಾಕ್ ಇಲ್ಲದೆ ಹನ್ನೆರಡು ದಿನ ಕಾಯಿಸಿದ್ದಕ್ಕೆ ರದ್ದಾದ ಆರ್ಡರ್, ಪೆಟ್ಟಿಗೆ ಬಿಚ್ಚಿದಾಗ ಪ್ಯಾನೆಲ್ ಒಡೆದಿದ್ದಕ್ಕೆ ವಾಪಸಾದ ಟಿವಿ, ಅಳವಡಿಸುವವನು ಮೂರು ಸಲ ಹೇಳಿಯೂ ಬಾರದೆ ಗ್ರಾಹಕ ಸಿಟ್ಟಾಗಿ ಹಿಂದಿರುಗಿಸಿದ್ದು. ಇವುಗಳಲ್ಲಿ ಮಾರಾಟಗಾರನ ಕೈವಾಡ ಏನೂ ಇಲ್ಲ. ರದ್ದತಿಯ ನಮೂನೆಯಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇರುತ್ತದೆ. ಕೌಂಟರಿನಲ್ಲಿ ಕೂತವರು ಅವಸರದಲ್ಲಿ ಎಲ್ಲದಕ್ಕೂ ‘ಗ್ರಾಹಕರ ಕೋರಿಕೆ’ ಎಂದೇ ಒತ್ತಿಬಿಡುತ್ತಾರೆ, ಏಕೆಂದರೆ ಅದು ಪಟ್ಟಿಯಲ್ಲಿ ಮೊದಲಿಗೆ ಇರುವ ಆಯ್ಕೆ. ಒಂದು ಕ್ಲಿಕ್ಕಿನಿಂದ ಗೋದಾಮಿನ ತಪ್ಪು ಮಾರಾಟಗಾರನ ಕಡಿತವಾಗುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ರದ್ದಾದ ದಿನವನ್ನು ಡೆಲಿವರಿಗೆ ಕೊಟ್ಟ ಮಾತಿನ ದಿನದ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಮಾತು ಕೊಟ್ಟ ದಿನ ಮೀರಿದ ಮೇಲೆ ರದ್ದಾಗಿದ್ದರೆ ಅದು ಬಹುಪಾಲು ಕಂಪನಿಯ ಕಾರಣ. ಸರ್ವಿಸ್ ಸೆಂಟರಿನ ದೂರು ನಂಬರ್ ಇದ್ದರಂತೂ ಕೇಳುವುದೇ ಬೇಡ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಇರುವ ಕಚೇರಿಗಳಲ್ಲಿ ತಕರಾರು ಕಡಿಮೆ.

ಇನ್ನು ಕಾನೂನು. ಇಲ್ಲಿ ಇತ್ತೀಚೆಗೆ ಒಂದು ದೊಡ್ಡ ಬದಲಾವಣೆ ಆಗಿದೆ, ಅದನ್ನು ಮಾರಾಟದ ಕ್ಷೇತ್ರ ಇನ್ನೂ ಪೂರ್ತಿ ಗಮನಿಸಿದಂತಿಲ್ಲ. 1936ರ ವೇತನ ಪಾವತಿ ಕಾಯ್ದೆ, ಸಂಬಳದಿಂದ ಯಾವ್ಯಾವ ಕಾರಣಕ್ಕೆ ಹಣ ಕಡಿತ ಮಾಡಬಹುದು ಎಂಬ ಪಟ್ಟಿ ಕೊಟ್ಟಿತ್ತು. ಆದರೆ 2017ರಿಂದ ಅದರ ರಕ್ಷಣೆ ಇದ್ದದ್ದು ತಿಂಗಳಿಗೆ 24,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಮಾತ್ರ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಒಂದಾದ 2019ರ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಮೂವತ್ತು ಸಾವಿರದ ಸೇಲ್ಸ್ ಎಕ್ಸಿಕ್ಯೂಟಿವ್‌ಗೂ, ಲಕ್ಷ ಪಡೆಯುವ ಏರಿಯಾ ಮ್ಯಾನೇಜರ್‌ಗೂ ಕಡಿತದ ನಿಯಮ ಒಂದೇ.

ನಿಯಮದ ತಿರುಳು ಎರಡು. ಸಂಹಿತೆ ಒಪ್ಪಿರುವ ಕಾರಣಗಳಿಗೆ ಮಾತ್ರ ವೇತನದಿಂದ ಕಡಿತ ಮಾಡಬಹುದು. ಮತ್ತು ಒಂದು ವೇತನಾವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರಬಾರದು. ಒಪ್ಪಿತ ಕಾರಣಗಳಲ್ಲಿ ಕ್ಲಾಬ್ಯಾಕ್ ಎಂಬ ಪದ ಇಲ್ಲ. ಹತ್ತಿರದ್ದು ಎಂದರೆ, ಕೊಟ್ಟ ಮುಂಗಡದ ವಸೂಲಿ ಮತ್ತು ಹೆಚ್ಚಾಗಿ ಕೊಟ್ಟ ವೇತನದ ಹೊಂದಾಣಿಕೆ.

ತಮಾಷೆ ಇರುವುದು ಇಲ್ಲಿಯೇ. ಅದೇ ಸಂಹಿತೆ ‘ವೇತನ’ದ ವ್ಯಾಖ್ಯೆಯಿಂದ ಕಮಿಷನ್ನನ್ನು ಹೊರಗಿಟ್ಟಿದೆ. ಇಂಥ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗ ಮಾತ್ರ ವೇತನ ಎನಿಸಿಕೊಳ್ಳುತ್ತದೆ. ಹಾಗಾದರೆ ಸಾಮಾನ್ಯ ಸಂದರ್ಭದಲ್ಲಿ ಕಮಿಷನ್ ವೇತನವೇ ಅಲ್ಲ. ವೇತನವಲ್ಲದ್ದನ್ನು ಹೆಚ್ಚು ಕೊಟ್ಟರೆ ಅದು ‘ಹೆಚ್ಚಾಗಿ ಕೊಟ್ಟ ವೇತನ’ ಆಗುವುದು ಹೇಗೆ? ನನ್ನ ಓದಿನಲ್ಲಿ ಆ ದಾರಿ ಸುಲಭವಲ್ಲ. ಕಂಪನಿಗೆ ಉಳಿಯುವ ಗಟ್ಟಿ ದಾರಿ ‘ಮುಂಗಡ’. ಅಂದರೆ, ವಾಪಸಿನ ಅವಧಿ ಮುಗಿಯುವವರೆಗೆ ಈ ಹಣ ಮುಂಗಡ, ಆಮೇಲಷ್ಟೇ ಗಳಿಕೆ ಎಂದು ಯೋಜನೆಯ ಪತ್ರ ಮೊದಲೇ ಹೇಳಿರಬೇಕು, ನೌಕರ ಅದಕ್ಕೆ ಸಹಿ ಹಾಕಿರಬೇಕು. ‘ಬುಕಿಂಗ್ ಆದ ಕೂಡಲೇ ಇನ್ಸೆಂಟಿವ್ ಗಳಿಸಿದಂತೆ’ ಎಂದು ಬರೆದು, ಆರು ವಾರದ ನಂತರ ವಾಪಸ್ ಕೇಳಿದರೆ ಕಂಪನಿಯ ಕಾಲು ಕೆಸರಿನಲ್ಲಿ.

ನಮ್ಮ ಹುಡುಗನ ಲೆಕ್ಕ ಸಂಹಿತೆಗಿಂತ ಹಿಂದಿನದು. ಅಂಥದೇ ವಸೂಲಿ ಇವತ್ತು ಬಂದರೆ ಹೇಗಿರುತ್ತದೆ? ಅವನ ಮೂಲವೇತನ 16,000 ಎನ್ನಿ. ಅದರ ಅರ್ಧ 8,000. ಭವಿಷ್ಯನಿಧಿಗೆ 1,800 ಹೋಗುತ್ತದೆ. ಉಳಿದ ಜಾಗ 6,200. ಕ್ಲಾಬ್ಯಾಕ್ 7,800. ಆದ್ದರಿಂದ 1,600 ರೂಪಾಯಿಯನ್ನು ಆ ತಿಂಗಳ ವೇತನದಿಂದ ಹಿಡಿಯುವಂತಿಲ್ಲ. ಆದರೆ ಆ ತಿಂಗಳು ಅವನಿಗೆ ಬರಬೇಕಾದ ಹೊಸ ಇನ್ಸೆಂಟಿವ್‌ನಿಂದಲೇ ಕಂಪನಿ ಕಳೆದುಕೊಂಡರೆ ವೇತನಕ್ಕೆ ಕೈ ಹಾಕಿದಂತಾಗುವುದಿಲ್ಲ. ಲೆಕ್ಕ ಗೊತ್ತಿರುವ ಕಚೇರಿಗಳು ಹಾಗೇ ಮಾಡುತ್ತವೆ. ಪೇಸ್ಲಿಪ್‌ನಲ್ಲಿ ಕಡಿತ ಎಡಗಡೆಯ ಗಳಿಕೆಯ ಸಾಲಿನಲ್ಲಿ ಮೈನಸ್ ಆಗಿ ಬಂದಿದೆಯೋ, ಬಲಗಡೆಯ ಕಡಿತದ ಸಾಲಿನಲ್ಲಿ ಬಂದಿದೆಯೋ ನೋಡಿದರೆ ಗೊತ್ತಾಗುತ್ತದೆ.

ಹೆಚ್ಚು ಸಂಬಳದವರಿಗೆ ಆ ಸಾಲು ಇನ್ನೊಂದು ಕಾರಣಕ್ಕೆ ಮುಖ್ಯ. ಯಂತ್ರೋಪಕರಣ ಮಾರುವವನೊಬ್ಬ ಮಾರ್ಚಿನಲ್ಲಿ ಒಂದು ಲಕ್ಷ ಇನ್ಸೆಂಟಿವ್ ಪಡೆದ, ಶೇ 30ರ ತೆರಿಗೆ ಮತ್ತು ಸೆಸ್ ಸೇರಿ 31,200 ಕಟ್ ಆಗಿ ಕೈಗೆ 68,800 ಬಂತು. ಮೇ ತಿಂಗಳಲ್ಲಿ ಆರ್ಡರ್ ರದ್ದಾಯಿತು. ಒಂದು ಲಕ್ಷವನ್ನು ಹೊಸ ವರ್ಷದ ಗಳಿಕೆಯಿಂದ ಕಳೆದರೆ ತೆರಿಗೆಯೂ ಅಷ್ಟೇ ಇಳಿಯುತ್ತದೆ, ಕೊನೆಗೆ ಸರಿಹೋಗುತ್ತದೆ. ಕೈಗೆ ಬರುವ ಸಂಬಳದಿಂದ ಒಂದು ಲಕ್ಷ ಎತ್ತಿಕೊಂಡರೆ, ಅವನು ಪಡೆಯದ 31,200ನ್ನೂ ವಾಪಸ್ ಕೊಟ್ಟಂತಾಯಿತು. ಏಪ್ರಿಲಿನಲ್ಲಿ ಕೆಲಸ ಬಿಟ್ಟಿದ್ದರೆ ಇನ್ನೂ ಕಷ್ಟ. ಕಳೆಯಲು ಗಳಿಕೆಯೇ ಇರುವುದಿಲ್ಲ, ಹಳೆಯ ವರ್ಷದ ಫಾರಂ 16ರಲ್ಲಿ ಆ ಲಕ್ಷ ಹಾಗೇ ಕೂತಿರುತ್ತದೆ.

‘ಗಳಿಕೆ ಯಾವಾಗ?’ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ನೇರವಾಗಿ ಬಿಡಿಸಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯ ಕಾನೂನೂ ಕೊಟ್ಟ ವೇತನ ಹಿಂಪಡೆಯುವುದನ್ನು ತಡೆಯುತ್ತದೆ. ಅಲ್ಲಿನ ಎರಡು ತೀರ್ಪುಗಳು ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿವೆ. ನೀಮನ್ ಮಾರ್ಕಸ್ ಎಂಬ ದೊಡ್ಡ ಮಳಿಗೆಯಲ್ಲಿ, ವಾಪಸ್ ಬಂದ ಸರಕನ್ನು ಯಾರು ಮಾರಿದ್ದೆಂದು ಗೊತ್ತಾಗದಿದ್ದರೆ ಆ ನಷ್ಟವನ್ನು ಆ ವಿಭಾಗದ ಎಲ್ಲ ಮಾರಾಟಗಾರರ ಕಮಿಷನ್‌ನಿಂದ ಪಾಲು ಹಾಕಿ ಕತ್ತರಿಸುತ್ತಿದ್ದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಕಾನೂನುಬಾಹಿರ ಎಂದಿತು: ವ್ಯಾಪಾರದ ನಷ್ಟವನ್ನು ನೌಕರನ ತಲೆಗೆ ಕಟ್ಟುವಂತಿಲ್ಲ. ಹತ್ತು ವರ್ಷದ ನಂತರ, 2005ರಲ್ಲಿ, ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಪ್ರಕರಣ ಬಂತು. ಫೋನಿನಲ್ಲಿ ಚಂದಾ ಮಾರುವವರಿಗೆ ಪತ್ರಿಕೆ ಮೊದಲೇ ಕಮಿಷನ್ ಕೊಡುತ್ತಿತ್ತು; ಚಂದಾದಾರ 28 ದಿನದೊಳಗೆ ಪತ್ರಿಕೆ ನಿಲ್ಲಿಸಿದರೆ ವಾಪಸ್. ಇದು ಸರಿ ಎಂದಿತು ನ್ಯಾಯಾಲಯ. 28 ದಿನ ಕಳೆಯುವವರೆಗೆ ಅದು ಮುಂಗಡ ಎಂದು ನೌಕರರು ಲಿಖಿತವಾಗಿ ಒಪ್ಪಿದ್ದರು, ಮತ್ತು ಯಾವ ಚಂದಾ ನಿಂತಿತೋ ಅದನ್ನು ಮಾರಿದವನದೇ ಕಡಿತವಾಗುತ್ತಿತ್ತು. ಆ ತೀರ್ಪುಗಳು ನಮ್ಮನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ‘ನಿರ್ದಿಷ್ಟ ಮಾರಾಟ, ನಿರ್ದಿಷ್ಟ ದಿನಗಳು, ಮೊದಲೇ ಬರೆದ ಒಪ್ಪಂದ’ ಎಂಬ ಗೆರೆ ನಮ್ಮ ಸಂಹಿತೆಯ ‘ಮುಂಗಡ’ದ ಗೆರೆಗೆ ಬಹಳ ಹತ್ತಿರ. ಸ್ಲ್ಯಾಬ್ ಬೀಳಿಸಿ 38 ಒಳ್ಳೆಯ ಮಾರಾಟಗಳ ಮೇಲಿನ 5,700 ಕಿತ್ತುಕೊಳ್ಳುವುದು ಆ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದು ಇಲ್ಲಿಯೂ ಒಂದು ದಿನ ಕೇಳಲೇಬೇಕಾದ ಪ್ರಶ್ನೆ.

ನೌಕರರೇ ಅಲ್ಲದವರ ಪಾಡು ಬೇರೆ. ಊರಿನಲ್ಲಿ ನಿಮಗೆಲ್ಲ ಗೊತ್ತಿರುವ ಎಲ್‌ಐಸಿ ಏಜೆಂಟರನ್ನೇ ನೋಡಿ. 2024ರ ಅಕ್ಟೋಬರ್ 1ರಿಂದ ವಿಮೆಯ ಸರೆಂಡರ್ ನಿಯಮ ಬದಲಾಗಿ, ಒಂದು ವರ್ಷದ ಪ್ರೀಮಿಯಂ ಕಟ್ಟಿ ಬಿಟ್ಟುಹೋಗುವವರಿಗೂ ಸ್ವಲ್ಪ ಹಣ ಸಿಗುವಂತಾಯಿತು. ಪಾಲಿಸಿದಾರರಿಗೆ ಒಳ್ಳೆಯದೇ ಆಯಿತು. ಅದರ ಬೆನ್ನಿಗೇ ಮೊದಲ ವರ್ಷದ ಕಮಿಷನ್ ಗರಿಷ್ಠ ಶೇ 35ರಿಂದ 28ಕ್ಕೆ ಇಳಿಯಿತು; ಬೇಗ ನಿಂತ ಪಾಲಿಸಿಗೆ ಕೊಟ್ಟ ಕಮಿಷನ್ ವಾಪಸ್ ಪಡೆಯುವ ಷರತ್ತನ್ನು ಏಜೆಂಟರ ಸಂಘಟನೆಗಳು ದೇಶದಾದ್ಯಂತ ವಿರೋಧಿಸಿದವು. ಏಜೆಂಟ್ ನೌಕರನಲ್ಲದ ಕಾರಣ ಅರ್ಧ ವೇತನದ ಮಿತಿಯೂ ಇಲ್ಲ, ಕಡಿತದ ಪಟ್ಟಿಯೂ ಇಲ್ಲ. ಇರುವುದು ಏಜೆನ್ಸಿ ಒಪ್ಪಂದ ಮಾತ್ರ. ಗ್ರಾಹಕನಿಗೆ ಹೊರಬರುವ ಬಾಗಿಲು ದೊಡ್ಡದಾದಷ್ಟೂ ಮಾರಿದವನ ಅಪಾಯ ದೊಡ್ಡದು.

ಹಾಗಾದರೆ ಯಾವ ಏರ್ಪಾಡು ಒಳ್ಳೆಯದು? ನನ್ನ ಮಟ್ಟಿಗೆ, ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ತಡೆದು ಕೊಡುವುದು ಮೇಲು. ಬುಕಿಂಗಿನ ಬದಲು ಡೆಲಿವರಿಗೆ ಇನ್ಸೆಂಟಿವ್ ಕಟ್ಟಿ, ಐದನೇ ಒಂದು ಭಾಗವನ್ನು ವಾಪಸಿನ ಅವಧಿ ಮುಗಿಯುವವರೆಗೆ ಹಿಡಿದಿಟ್ಟರೆ, ವಸೂಲಿಯ ಪ್ರಸಂಗವೇ ಅಪರೂಪ. ಆದರೆ ಮಾರಾಟದ ಮ್ಯಾನೇಜರ್‌ಗಳಿಗೆ ಇದು ಇಷ್ಟವಾಗುವುದಿಲ್ಲ. ‘ಈ ತಿಂಗಳು ಮಾರು, ಮುಂದಿನ ತಿಂಗಳು ದುಡ್ಡು’ ಎಂಬ ಬಿಸಿ ಆರಿಹೋಗುತ್ತದೆ ಎನ್ನುತ್ತಾರೆ. ಆ ಬಿಸಿಯೇ ಡಮ್ಮಿ ಬುಕಿಂಗ್ ಬೇಯಿಸುತ್ತದೆ ಎಂಬುದನ್ನು ಅವರು ಒಪ್ಪುವುದಿಲ್ಲ.

ಅಲ್ಲಿಯವರೆಗೆ ಕಡಿತ ಕಂಡವರು ಕೇಳಬೇಕಾದದ್ದು ಒಂದು ಪಟ್ಟಿ: ಯಾವ ಆರ್ಡರ್, ಯಾವ ದಿನ ರದ್ದಾಯಿತು, ಕಾರಣದ ಕಾಲಮಿನಲ್ಲಿ ಏನಿದೆ, ಆ ಆರ್ಡರಿಗೆ ಎಷ್ಟು, ಸ್ಲ್ಯಾಬಿಗೆ ಎಷ್ಟು. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಕೇಳಿ. ಉತ್ತರ ಬಾರದಿದ್ದರೆ ವೇತನ ಸಂಹಿತೆಯಡಿ ಪ್ರಾಧಿಕಾರದ ಮುಂದೆ ಮೂರು ವರ್ಷದವರೆಗೆ ಕ್ಲೇಮ್ ಹಾಕಲು ಅವಕಾಶ ಇದೆ. ಹಳೆಯ ಕಾಯ್ದೆಯಲ್ಲಿ ಇದ್ದದ್ದು ಒಂದೇ ವರ್ಷ. ಅಕ್ರಮ ಕಡಿತದ ದೂರಿನಲ್ಲಿ, ಕೊಡಬೇಕಾದ್ದನ್ನು ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆಯನ್ನು ಸಂಹಿತೆ ಮಾಲೀಕರ ಮೇಲೆ ಹಾಕಿದೆ. ಕೆಲಸ ಬಿಟ್ಟವರಿಗೆ ಇನ್ನೊಂದು ಮಾತು: ರಾಜೀನಾಮೆಯ ನಂತರ ಎರಡು ಕೆಲಸದ ದಿನಗಳಲ್ಲಿ ವೇತನ ಚುಕ್ತಾ ಆಗಬೇಕು. ‘ನಿಮ್ಮ ಆರ್ಡರ್‌ಗಳ ವಾಪಸಿನ ಅವಧಿ ಮುಗಿಯಲಿ, ಆಮೇಲೆ ಸೆಟಲ್‌ಮೆಂಟ್’ ಎಂದು ತಿಂಗಳುಗಟ್ಟಲೆ ಕಾಯಿಸುವ ರೂಢಿ ಇಲ್ಲಿ ಬೇಕಾದಷ್ಟು ಕಡೆ ಇದೆ. ಬಾಕಿ ಕಮಿಷನ್ ವಿಷಯದಲ್ಲಿ ಕಂಪನಿ ಹಾಗೆ ವಾದಿಸಬಹುದೇನೋ, ದುಡಿದ ದಿನಗಳ ಸಂಬಳವನ್ನು ಅದರ ಜೊತೆ ಕಟ್ಟಿಹಾಕುವಂತಿಲ್ಲ.